ಬಿಲ್ 118ರ ತಪ್ಪಿಗೆ ಕ್ರೆಡಿಟ್ ನೋಟ್ ಸಿಎನ್-07

ನಮಸ್ಕಾರ ಮೇಡಂ,

ಜೂನ್ 6ರ ಬಿಲ್‌ನಲ್ಲಿ ಕಾಫಿ ಪುಡಿಯ ತೂಕ ಜಾಸ್ತಿ ಹಾಕಿದ್ದೇವೆ ಎಂದು ನೀವು ಹೇಳಿದ್ದು ಸರಿ. ಡೆಲಿವರಿ ಚಲನ್ ತೆಗೆದು ನೋಡಿದೆ. ನಿಮ್ಮ ಸಹಿಯ ಪಕ್ಕದಲ್ಲೇ ಕಾಫಿ ಪುಡಿ 24 ಕೆಜಿ ಎಂದಿದೆ. ಬಿಲ್‌ನಲ್ಲಿ ನಾವು 42 ಎಂದು ಹಾಕಿದ್ದೇವೆ. ತಪ್ಪು ನಮ್ಮದೇ, ಕ್ಷಮಿಸಿ.

ಜಾಸ್ತಿಯಾದ 18 ಕೆಜಿಗೆ, ಕೆಜಿಗೆ 500ರಂತೆ 9,000 ರೂ., ಶೇ. 5 ಜಿಎಸ್‌ಟಿ 450 ಸೇರಿ ಒಟ್ಟು 9,450 ರೂ.ಗೆ ಕ್ರೆಡಿಟ್ ನೋಟ್ ಕಳಿಸಿದ್ದೇನೆ.

ನೀವು ಪೂರ್ತಿ ಹಣ ಕಟ್ಟಿದ್ದೀರಲ್ವಾ, ಅದಕ್ಕೇ ಜುಲೈ ಬಿಲ್‌ನಲ್ಲಿ ಇದನ್ನು ಕಳೆಯುತ್ತೇವೆ. ಬಿಲ್ ಮೊತ್ತ 12,600 ಎಂದೇ ಇರುತ್ತದೆ. ಕೆಳಗೆ ಸಿಎನ್-07 ಕಳೆದು, ನೀವು ಕೊಡಬೇಕಾದ್ದು 3,150 ರೂ. ಮಾತ್ರ.

ಹಳೆ ಬಿಲ್‌ನ ಇನ್‌ಪುಟ್ ಕ್ರೆಡಿಟ್ ಆಗಲೇ ತೆಗೆದುಕೊಂಡಿದ್ದರೆ, ಆ 450 ರೂ. ರಿವರ್ಸ್ ಮಾಡಲು ನಿಮ್ಮ ಅಕೌಂಟೆಂಟ್‌ಗೆ ಹೇಳಿ. ನಮ್ಮ ಜಿಎಸ್‌ಟಿಆರ್-1ರಲ್ಲೂ ಈ ನೋಟ್ ತೋರಿಸುತ್ತೇವೆ.

ಇಂತಿ,
ಬಿಲ್ಲಿಂಗ್ ವಿಭಾಗ