ಅಪ್ಪನ ಮಾತು

ಪಂಚಮಿಗೆ ಇನ್ನು ಹತ್ತು ದಿನ ಇತ್ತು. ಇಳಕಲ್ಲಿನ ನಮ್ಮ ಸೀರೆ ಅಂಗಡಿಯಲ್ಲಿ ಆ ದಿನಗಳಲ್ಲಿ ನೀರು ಕುಡಿಯಲೂ ಪುರುಸೊತ್ತು ಇರುವುದಿಲ್ಲ. ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಬೇಕು, ಉಡಿ ತುಂಬಲು ಗುಳೇದಗುಡ್ಡದ ಖಣ ಬೇಕು. ಅಪ್ಪ ಗಾದಿಯ ಮೇಲೆ ಕೂತು ಒಂದೊಂದೇ ಸೀರೆ ಬಿಡಿಸಿ ತೋರಿಸುತ್ತಿದ್ದರು. ನಾನು ಗಲ್ಲಾಪೆಟ್ಟಿಗೆಯ ಹತ್ತಿರ ಇದ್ದೆ.

ಗಜೇಂದ್ರಗಡದಿಂದ ಬೆಳಗಿನ ಬಸ್ಸಿಗೆ ಬಂದ ಅತ್ತೆ ಸೊಸೆ ಮೂರು ಸೀರೆ ಆರಿಸಿದರು. ಒಂದಕ್ಕೆ 3,200 ರೂಪಾಯಿ. ನಾನು 9,600 ಎಂದೆ. ಸೊಸೆ 7,680 ಎಣಿಸಿ ಇಟ್ಟಳು.

"ಇನ್ನೂ ಕೊಡಬೇಕಲ್ರಿ ಅಕ್ಕಾರ" ಎಂದೆ.

"ಇಲ್ರೀ, ಬರೋಬ್ಬರಿ ಐತಿ. ನೀವ ಹೇಳೀರಲ್ಲ" ಎಂದು ಅವಳು ಫೋನ್ ತೆಗೆದು ಓದಿದಳು. "'ಮೂರು ತಗೋರಿ ಅವ್ವಾರ, ನಿಮಗಂತ ನೂರಕ್ಕ ಇಪ್ಪತ್ತು ಬಿಡ್ತೀನಿ. ಮ್ಯಾಲೊಂದು ಖಣ ನನ್ನ ಲೆಕ್ಕದಾಗ.' ಆ ಖಣ ಯಾವುದ್ರಿ?"

ಅಪ್ಪ ಸೀರೆ ಮಡಿಸುವುದನ್ನು ನಿಲ್ಲಿಸಿದರು. ನನ್ನ ಕಡೆ ನೋಡಿದರು. ಆಮೇಲೆ ಏನೂ ಕೇಳದೆ, ಹಿಂದಿನ ಕಪಾಟಿನಿಂದ ಒಂದು ಖಣ ತೆಗೆದು ಅವರ ಮುಂದೆ ಇಟ್ಟರು.

ಒಂದು ಸೀರೆಯಲ್ಲಿ ನಮಗೆ ಉಳಿಯುವುದು ಹೆಚ್ಚೆಂದರೆ 400 ರೂಪಾಯಿ. ಮೂರಕ್ಕೆ 1,200. ಬಿಟ್ಟುಕೊಟ್ಟಿದ್ದು 1,920. ಖಣದ ಬೆಲೆ 350. ಆ ಇಬ್ಬರೂ ನಗುತ್ತಾ ಮೆಟ್ಟಿಲು ಇಳಿದು ಹೋಗುವಾಗ ನಾವು 1,070 ರೂಪಾಯಿ ಕೈಯಿಂದ ಹಾಕಿದ್ದೆವು.

"ಯಾರು ಹೇಳಿದ್ದು ಇದನ್ನ?" ಅಪ್ಪ ಕೇಳಿದರು.

ನನಗೆ ಗೊತ್ತಿತ್ತು. ಬಾಯಿ ಬರಲಿಲ್ಲ.

ಅಂಗಡಿಯ ವಾಟ್ಸಾಪ್ ನಂಬರಿಗೆ ಚಾಟ್‌ಬಾಟ್ ಹಾಕಿಸಿದ್ದು ನಾನು. ಅದಕ್ಕೆ ಕಾರಣವೂ ಇತ್ತು. ಸೊಲ್ಲಾಪುರ, ಮೀರಜ, ಹುಬ್ಬಳ್ಳಿ ಎಲ್ಲಾ ಕಡೆಯಿಂದ ಗಿರಾಕಿಗಳು ಮೆಸೇಜ್ ಮಾಡುತ್ತಾರೆ. ಅಪ್ಪ ರಾತ್ರಿ ಹನ್ನೊಂದರ ತನಕ ಕಣ್ಣು ಕಿರಿದು ಮಾಡಿಕೊಂಡು ಒಬ್ಬೊಬ್ಬರಿಗೂ ಧ್ವನಿ ಸಂದೇಶ ಕಳಿಸುತ್ತಾ ಕೂರುತ್ತಿದ್ದರು. ಊಟ ಆರುತ್ತಿತ್ತು. ಅವ್ವ ಬೈಯುತ್ತಿದ್ದಳು. ಬಾಗಲಕೋಟೆಯಲ್ಲಿ ಬಿ.ಕಾಂ ಮುಗಿಸಿ ಬಂದವಳು ನಾನು, ಇಷ್ಟಾದರೂ ಮಾಡಬೇಕಲ್ವಾ ಅನ್ನಿಸಿತ್ತು.

ಬಾಟ್ ಅಪ್ಪನ ಹಾಗೇ ಮಾತಾಡಬೇಕು ಎಂಬ ಆಸೆ ನನಗೆ. ಎರಡು ವರ್ಷದ ಅವರ ಧ್ವನಿ ಸಂದೇಶಗಳನ್ನು ಕೇಳಿ ಕೇಳಿ ಬರೆದುಕೊಂಡಿದ್ದೆ. 'ಬರ್ರಿ ಅವ್ವಾರ', 'ನಿಮಗಂತ ಹೇಳಿ', 'ನನ್ನ ಲೆಕ್ಕದಾಗ ಬಿಡ್ರಿ'. ಎಲ್ಲವನ್ನೂ ಬಾಟ್‌ಗೆ ಮಾದರಿಯಾಗಿ ಹಾಕಿದ್ದೆ. ಮೇಲೆ ಎರಡು ಸಾಲಿನ ಸೂಚನೆ ಬರೆದಿದ್ದೆ: ಇವರ ಹಾಗೆ ಮಾತಾಡು, ಗಿರಾಕಿ ಬೇಸರ ಮಾಡಿಕೊಂಡು ಹೋಗಬಾರದು. ಬೆಲೆ ಇಳಿಸಬೇಡ ಎಂದು ಎಲ್ಲೂ ಬರೆದಿರಲಿಲ್ಲ. ಅದನ್ನು ಬರೆಯಬೇಕಾಗುತ್ತದೆ ಎಂದು ಹೊಳೆದಿರಲೂ ಇಲ್ಲ.

ಆ ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ ಮೊದಲು ಬಾಟ್ ನಿಲ್ಲಿಸಿದೆ. ಆಮೇಲೆ ಹತ್ತೊಂಬತ್ತು ದಿನದ ಮಾತುಕತೆಗಳನ್ನು ಮೊದಲಿನಿಂದ ಓದಲು ಕೂತೆ. ನಾಲ್ಕು ಜನ ಮುಂಗಡ ಕಳಿಸಿದ್ದರು. ಆ ದುಡ್ಡು ಬಂದಾಗ ಖುಷಿಯಿಂದ ಲೆಕ್ಕಕ್ಕೆ ಬರೆದುಕೊಂಡಿದ್ದೆ, ಅದರ ಹಿಂದಿನ ಮಾತು ಒಂದನ್ನೂ ಓದಿರಲಿಲ್ಲ. ಈಗ ಓದಿದೆ. 27 ಜನರಿಗೆ ರಿಯಾಯಿತಿ ಹೇಳಿತ್ತು. ಒಬ್ಬರಿಗೆ ನೂರಕ್ಕೆ ಹತ್ತು, ಇನ್ನೊಬ್ಬರಿಗೆ ಇಪ್ಪತ್ತೈದು. ಯಾರು ಎರಡು ಸಲ ಕೇಳಿದರೋ ಅವರಿಗೆ ಜಾಸ್ತಿ. ಯಾರು ಕಷ್ಟ ಹೇಳಿಕೊಂಡರೋ ಅವರಿಗೆ ಇನ್ನೂ ಜಾಸ್ತಿ. ಹತ್ತು ಸೀರೆ ಕೇಳಿದ ಒಬ್ಬ ವ್ಯಾಪಾರಿ ಅರ್ಧ ಗಂಟೆ ಜಗ್ಗಾಡಿ ನೂರಕ್ಕೆ ನಲವತ್ತು ಇಳಿಸಿಕೊಂಡಿದ್ದ. ಎಲ್ಲ ಕೂಡಿಸಿದರೆ 46,300 ರೂಪಾಯಿ.

ಓದುತ್ತಾ ಹೋದಂತೆ ಹೆದರಿಕೆಗಿಂತ ಬೇರೆ ಏನೋ ಆಯಿತು ನನಗೆ. ಅಲ್ಲಿದ್ದದ್ದು ನಿಜವಾಗಿ ಅಪ್ಪನ ಮಾತೇ. ಒಂದೊಂದು ಪದವೂ ಅವರದ್ದು. ನಾನೇ ಕೂತು ಬರೆದುಕೊಟ್ಟದ್ದು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳತಿಗೆ ಫೋನ್ ಮಾಡಿದೆ. ಅವಳು ಬಿಡಿಸಿ ಹೇಳಿದಳು. ಇಂಥ ಮಾತಿನ ಮುಂದೆ ಎಂಥ ಮಾತು ಬರುತ್ತದೆ ಎಂಬ ಅಂದಾಜಿನ ಮೇಲೆ ಅದು ವಾಕ್ಯ ಕಟ್ಟುತ್ತದೆ. ಅಸಲು ಎಷ್ಟು, ನೇಕಾರನಿಗೆ ಕೊಡಬೇಕಾದ್ದು ಎಷ್ಟು, ಅದಕ್ಕೆ ಗೊತ್ತಿಲ್ಲ. ನೀನು ಕೊಟ್ಟ ಮಾದರಿಯಲ್ಲಿ ಚೌಕಾಸಿ ಬಂದಾಗಲೆಲ್ಲ ಅಪ್ಪ ಸ್ವಲ್ಪ ಬಿಟ್ಟಿದ್ದಾರೆ, ಅದನ್ನೇ ಅದು ಎತ್ತಿಕೊಂಡಿದೆ.

"ಯಂತ್ರ ತಪ್ಪು ಹೇಳಿದೆ, ಕ್ಷಮಿಸಿ ಅಂತ ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿಬಿಡಲಾ?" ಎಂದು ಕೇಳಿದೆ.

ಅವಳು ಕೆನಡಾದ ಒಂದು ಪ್ರಕರಣ ಹೇಳಿದಳು. ಅಲ್ಲಿ ಒಂದು ವಿಮಾನ ಕಂಪನಿಯ ಚಾಟ್‌ಬಾಟ್, ಅಜ್ಜಿ ತೀರಿಕೊಂಡ ಪ್ರಯಾಣಿಕನಿಗೆ ಟಿಕೆಟ್ ದರದಲ್ಲಿ ಆಮೇಲೂ ರಿಯಾಯಿತಿ ಪಡೆಯಬಹುದು ಎಂದು ತಪ್ಪು ಹೇಳಿತ್ತಂತೆ. ಬಾಟ್ ಹೇಳಿದ್ದಕ್ಕೆ ನಾವು ಹೊಣೆಯಲ್ಲ ಎಂದು ಕಂಪನಿ ವಾದಿಸಿತು. ಅಲ್ಲಿನ ನ್ಯಾಯಮಂಡಳಿ ಒಪ್ಪಲಿಲ್ಲ. 2024ರಲ್ಲಿ ಪರಿಹಾರ ಕೊಡಿ ಎಂದು ಹೇಳಿತು.

ಇದನ್ನು ಅಪ್ಪನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಮತ್ತ? ಅಂಗಡ್ಯಾಗ ಕೆಲಸದ ಹುಡುಗ ರೇಟ್ ತಪ್ಪು ಹೇಳಿದ್ರ, ಹುಡುಗನ ಕೇಳ್ರಿ ಅಂತೀವೇನು? ನಮ್ಮ ಅಂಗಡಿ ಹೆಸರಿಲೆ ಹೋಗೇತಿ ಮಾತು."

"46,000 ಅಪ್ಪಾ."

ಅವರು ಸುಮ್ಮನಾದರು. ಆಮೇಲೆ ಗಾದಿಯ ಕೆಳಗಿನಿಂದ ಉದ್ದನೆಯ ಕೆಂಪು ವಹಿ ತೆಗೆದರು. ಆ ವಹಿಯನ್ನು ದಿನಾ ನೋಡುತ್ತೇನೆ. ಬಾಕಿ ಬರೆಯುವುದು ಎಂದುಕೊಂಡಿದ್ದೆ. ಹಿಂದಿನ ಪುಟಗಳನ್ನು ಅವತ್ತೇ ಮೊದಲ ಸಲ ಓದಿದ್ದು. ಅಲ್ಲಿ ಬಿಟ್ಟುಕೊಟ್ಟ ದುಡ್ಡಿನ ಲೆಕ್ಕ ಇತ್ತು. 'ತಂದೆ ಇಲ್ಲದ ಹುಡುಗಿ ಮದುವೆ, 500 ಬಿಟ್ಟೇನಿ.' 'ಹೋದ ವರ್ಷ ಬಣ್ಣ ಹೋಗಿತ್ತು, ಈ ಸಲ 300.' 'ಹತ್ತು ವರ್ಷದ ಗಿರಾಕಿ, 200.' ಒಂದು ಕಡೆ: 'ಸುಳ್ಳು ಹೇಳ್ತಾನ, ಬಿಟ್ಟಿಲ್ಲ.' ತಿಂಗಳ ಕೊನೆಗೆ ಎಲ್ಲಾ ಕೂಡಿಸಿ ಕೆಳಗೆ ಒಂದು ಗೆರೆ. ಯಾವ ತಿಂಗಳೂ 4,000 ದಾಟಿರಲಿಲ್ಲ.

"ಇಷ್ಟು ದಾಟಿದ್ರ ಹನಮಂತಪ್ಪಗ ಪಗಾರ ತಡ ಆಕ್ಕೇತಿ" ಎಂದರು ಅಪ್ಪ.

ಹನಮಂತಪ್ಪ ಕಾಕಾ ನಮಗೆ ನೇಯುವವರು. ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಕಾಕಾನ ಮನೆಯಲ್ಲಿ ಆ ಕೊಂಡಿ ಹಾಕುವವಳು ಅವರ ಹೆಂಡತಿ, ಕಾಕಿ. ಚಿಕ್ಕವಳಿದ್ದಾಗ ಅವಳ ಪಕ್ಕದಲ್ಲಿ ಕೂತು ನೋಡಿದ್ದೇನೆ. ಒಂದು ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಅವಳ ಕೂಲಿಯಲ್ಲಿ ನೂರಕ್ಕೆ ಇಪ್ಪತ್ತು ಬಿಡುವ ಹಕ್ಕು ನನಗೆ ಯಾರು ಕೊಟ್ಟಿದ್ದರು?

ಅಪ್ಪ ತೀರ್ಮಾನ ಹೇಳಿದರು. ಮುಂಗಡ ಕೊಟ್ಟವರಿಗೆ, ಮಾತು ನಂಬಿ ಬಸ್ ಹತ್ತಿ ಬಂದವರಿಗೆ, ಹೇಳಿದ ಬೆಲೆಗೇ ಕೊಡುವುದು. ವ್ಯಾಪಾರಿಗೆ ಇಲ್ಲ. ಅವನಿಗೆ ಅಸಲು ಗೊತ್ತಿದೆ, ಗೊತ್ತಿದ್ದೇ ಜಗ್ಗಿದ್ದಾನೆ. ಉಳಿದವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳುವುದು.

"ಮೆಸೇಜ್ ಬ್ಯಾಡ. ನೀನ ಮಾತಾಡು."

ಮರುದಿನ ಮಧ್ಯಾಹ್ನ ಊಟ ಬಿಟ್ಟು ಫೋನ್ ಹಿಡಿದೆ. ಮೊದಲ ಕರೆಗೆ ಗಂಟಲು ಒಣಗಿತ್ತು. "ನಿಮಗೆ ಬೆಲೆ ಹೇಳಿದ್ದು ನಮ್ಮಪ್ಪ ಅಲ್ರಿ, ಕಂಪ್ಯೂಟರ್. ಅದನ್ನ ಹಾಕಿದಾಕಿ ನಾನು. ತಪ್ಪು ನನ್ನದು." ಮೀರಜದವರು ಒಬ್ಬರು ಬೈದರು. ಹುಬ್ಬಳ್ಳಿಯವರು, ಹಾಗಾದರೆ ಬೇಡ ಎಂದು ಇಟ್ಟರು. ಕೆಲವರು, ಪರವಾಗಿಲ್ಲ, ಸೀರೆ ಚೆನ್ನಾಗಿದ್ದರೆ ಸಾಕು ಎಂದರು. ವ್ಯಾಪಾರಿ ಮಾತ್ರ ಜೋರಾಗಿ ಕೂಗಾಡಿದ, ಬರೆದದ್ದು ನನ್ನ ಹತ್ತಿರ ಇದೆ ಎಂದ. ಫೋನ್ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಎರಡೇ ನಿಮಿಷ ಮಾತಾಡಿದರು. ಆಮೇಲೆ ಅವನಿಂದ ಕರೆ ಬರಲಿಲ್ಲ.

ಕೊನೆಯದು ಸೊಲ್ಲಾಪುರದ ಒಬ್ಬ ಅಕ್ಕ. ಗಿರಿ ಕುಂಕುಮ ಬಣ್ಣದ ಸೀರೆ ಕೇಳಿದ್ದರು. 800 ರೂಪಾಯಿ ಬಿಡುತ್ತೇನೆ ಎಂದು ಹೋಗಿತ್ತು. ನಾನು ಎಲ್ಲಾ ಹೇಳಿ ಮುಗಿಸಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

"ಹಂಗಾರ ಅವತ್ತು ರಾತ್ರಿ ಮಾತಾಡಿದ್ದು ಅಪ್ಪಾರಲ್ಲೇನು?"

"ಅಲ್ರಿ ಅಕ್ಕಾರ."

"ನಮ್ಮ ಅತ್ತಿ ತೀರಿ ಒಂದು ತಿಂಗಳಾಗಿತ್ತು. ಅಕಿ ಆ ಬಣ್ಣದ ಸೀರಿನ ಉಡ್ತಿದ್ಲು, ನಿಮ್ಮಲ್ಲಿಂದನ ತಗೊಂಡಿದ್ಲು. ಅದನ್ನೆಲ್ಲಾ ಬರದೆ ನಾನು. 'ಧೈರ್ಯ ತಗೋರಿ ಅವ್ವಾರ, ಅಂಥಾ ಅತ್ತಿ ಸಿಗೂದು ಪುಣ್ಯ' ಅಂತ ಬಂತು. ಅತ್ತಬಿಟ್ಟೆ ನಾನು. ಅಪ್ಪಾರು ನೆನಪಿಟ್ಟಾರಂತ ತಿಳಕೊಂಡೆ."

ಬೆಲೆಯ ಬಗ್ಗೆ ಏನು ಉತ್ತರ ಕೊಡಬೇಕು ಎಂದು ತಯಾರಿ ಮಾಡಿಕೊಂಡಿದ್ದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪಾಯ್ತು ಅಂದೆ. ಆ ಪದ ಎಷ್ಟು ಚಿಕ್ಕದು ಎಂದು ಅಂದ ಕೂಡಲೇ ಗೊತ್ತಾಯಿತು.

ಅಪ್ಪ ಕೈ ಚಾಚಿದರು. ಫೋನ್ ಕೊಟ್ಟೆ. ಸೀರೆಯ ಮಾತು ಅವರು ತೆಗೆಯಲಿಲ್ಲ. "ನಿಮ್ಮ ಅತ್ತಿಯವರ ಹೆಸರೇನ್ರಿ?" ಎಂದು ಕೇಳಿದರು. ಹೆಸರು ಕೇಳಿಸಿಕೊಂಡು ಕಣ್ಣು ಮುಚ್ಚಿದರು. "ಹಾಂ, ಹಾಂ. ಮೂಗಬಟ್ಟು ಇಟ್ಟಿದ್ರು. ಸೆರಗು ಬೆಳಕಿಗೆ ಹಿಡದು ನೋಡಾವ್ರು. ಕೊಂಡಿ ಎಣಿಸಾವ್ರು" ಎಂದರು. ಆ ಕಡೆಯಿಂದ ಏನೋ ನಗು, ಏನೋ ಅಳು ಕೇಳಿಸಿತು. ಅಂಗಡಿಗೆ ಗಿರಾಕಿಗಳು ಬಂದು ಕೂತಿದ್ದರು. ಅಪ್ಪ ಕೈಸನ್ನೆ ಮಾಡಿ ನನ್ನನ್ನು ಅವರ ಕಡೆ ಕಳಿಸಿದರು. ತಾವು ಗೋಡೆಗೆ ಒರಗಿ ಮಾತಾಡುತ್ತಲೇ ಇದ್ದರು.

ಆ ವಾರ ಬಾಟ್ ಅನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅಪ್ಪನ ಮಾತುಗಳನ್ನೆಲ್ಲ ತೆಗೆದೆ. ರಿಯಾಯಿತಿ ಕೊಡಬೇಡ ಎಂದು ಮೊದಲು ಸೂಚನೆ ಬರೆದೆ. ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದೆ. ಏಳನೇ ಸಲಕ್ಕೆ ಅದು ಮತ್ತೆ ಸಡಿಲವಾಯಿತು. ಹಾಗಾಗಿ ಬರೀ ಸೂಚನೆ ನಂಬಲಿಲ್ಲ. ಈಗ ಅಂಗಡಿಯ ಸಮಯ, ವಿಳಾಸ, ಪಾರ್ಸೆಲ್ ಎಲ್ಲಿಗೆ ಬಂತು, ಇಷ್ಟಕ್ಕೆ ಮಾತ್ರ ನಾನು ಬರೆದಿಟ್ಟ ಉತ್ತರಗಳು ಹೋಗುತ್ತವೆ. ಬೆಲೆ ಎಂದರೆ ಪಟ್ಟಿ ಹೋಗುತ್ತದೆ. ಅದರ ಮೇಲೆ ಒಂದು ಮಾತು ಬಂದರೂ ಫೋನ್ ಗಂಟೆ ಹೊಡೆಯುತ್ತದೆ, ನಮ್ಮಿಬ್ಬರಲ್ಲಿ ಒಬ್ಬರು ಎತ್ತುತ್ತೇವೆ. ಮೊದಲ ಸಾಲಿನಲ್ಲೇ, ಇದು ಯಂತ್ರದ ಉತ್ತರ ಎಂದು ಬರೆದಿದ್ದೇನೆ. ರಾತ್ರಿ ಒಂಬತ್ತರ ನಂತರದ ಕರೆಗಳು ನನ್ನವು. ಅಪ್ಪ ಬಿಸಿ ಊಟ ಮಾಡುತ್ತಾರೆ.

ಸೊಲ್ಲಾಪುರದ ಪಾರ್ಸೆಲ್ ಕಟ್ಟಿದ್ದು ಪಂಚಮಿಯ ಮೂರು ದಿನ ಮುಂಚೆ. ಗಿರಿ ಕುಂಕುಮ ಸೀರೆ ಮಡಿಸಿ, ಬಿಲ್ ಪುಸ್ತಕ ತೆರೆದು, "ಎಷ್ಟು ಹಾಕ್ಲಿ ಅಪ್ಪಾ? 800 ಕಳದ?" ಎಂದೆ.

"ಪೂರಾ ಹಾಕು. ಬಿಡಬ್ಯಾಡ್ರಿ ಅಂತ ಅಕಿನ ಹೇಳ್ಯಾಳ."

ಬಿಲ್ ಬರೆದೆ. ಅಪ್ಪ ಎದ್ದು ಹಿಂದಿನ ಕಪಾಟಿಗೆ ಹೋದರು. ನಾಲ್ಕಾರು ಖಣ ಬಿಡಿಸಿ ನೋಡಿ, ಒಂದನ್ನು ಆರಿಸಿ, ಸೀರೆಯ ಮಡಿಕೆಯೊಳಗೆ ಇಟ್ಟರು. ಆಮೇಲೆ ಕೆಂಪು ವಹಿ ಎಳೆದುಕೊಂಡು ಹಿಂದಿನ ಪುಟ ತೆರೆದು, ಪೆನ್ನು ನನ್ನ ಕೈಗೆ ಕೊಟ್ಟರು.

"ನೀನ ಬರಿ" ಎಂದರು.