ವಿಷಯ: ಪಿಂಚಣಿ ಅರ್ಜಿಗೆ ಸೇವಾ ಪ್ರಮಾಣಪತ್ರ ಮತ್ತು ಕೊನೆಯ ವೇತನದ ವಿವರ ಕೋರಿ – ಶಾಂತಮ್ಮ ಕೆ., ನೌಕರರ ಸಂಖ್ಯೆ 1187

ದಿನಾಂಕ: 18 ಆಗಸ್ಟ್ 2025

ಎಚ್‌ಆರ್ ಮ್ಯಾನೇಜರ್ ಮೇಡಂ ಅವರಿಗೆ,

ನಮಸ್ಕಾರ. ನಾನು ಪೀಣ್ಯ ಘಟಕದ ಚೆಕ್ಕಿಂಗ್ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದ ಶಾಂತಮ್ಮ. ಅತ್ತೆಯವರ ಕಾಯಿಲೆಯಿಂದಾಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟು 31 ಮಾರ್ಚ್ 2025ರಂದು ಬಿಡುಗಡೆಯಾದೆ. ಇದೇ ತಿಂಗಳ 9ಕ್ಕೆ ನನಗೆ 58 ತುಂಬಿದೆ. ಪಿಂಚಣಿಗೆ 10ಡಿ ಅರ್ಜಿ ಹಾಕಬೇಕಾಗಿದ್ದು, ಅದಕ್ಕೆ ತಮ್ಮಿಂದ ಎರಡು ದಾಖಲೆಗಳು ಬೇಕಾಗಿವೆ.

ಮೊದಲನೆಯದು ಸೇವಾ ಪ್ರಮಾಣಪತ್ರ. ಕೆಲಸ ಬಿಟ್ಟ ದಿನವನ್ನು ಎರಡು ತಿಂಗಳು ಕಳೆದ ಮೇಲೆ ನನ್ನ ಮಗನೇ ಪಿಎಫ್ ಪೋರ್ಟಲ್‌ನಲ್ಲಿ ನಮೂದಿಸಿದ್ದಾನೆ. ತೊಂದರೆ ಇರುವುದು ಸೇರಿದ ದಿನದಲ್ಲಿ. ಅಲ್ಲಿ 1 ಏಪ್ರಿಲ್ 2011 ಎಂದು ಕಾಣುತ್ತಿದೆ. ನಾನು ಕೆಲಸಕ್ಕೆ ಸೇರಿದ್ದು 16 ಜೂನ್ 2008ರಂದು, ನಮ್ಮ ಹಳೆಯ ಘಟಕದಲ್ಲಿ. 2011ರಲ್ಲಿ ಇಡೀ ಲೈನನ್ನು ಪೀಣ್ಯಕ್ಕೆ ಸ್ಥಳಾಂತರಿಸಿದಾಗ ನಮಗೆಲ್ಲ ಹೊಸ ಪಿಎಫ್ ನಂಬರ್ ಕೊಟ್ಟರು, ಹಳೆಯದು ಅಲ್ಲೇ ಉಳಿಯಿತು. ಪಿಂಚಣಿಯನ್ನು ಸೇವೆಯ ವರ್ಷಗಳ ಲೆಕ್ಕದಲ್ಲೇ ಕೊಡುವುದರಿಂದ ಸುಮಾರು ಮೂರು ವರ್ಷ ಬಿಟ್ಟುಹೋದರೆ ನಾನು ಬದುಕಿರುವವರೆಗೂ ಪ್ರತಿ ತಿಂಗಳೂ ಅಷ್ಟು ಕಡಿಮೆ ಬರುತ್ತದೆ. ಆ ಮೂರು ವರ್ಷವೂ ನಾನು ದುಡಿದಿದ್ದೇನೆ ಮೇಡಂ. ಆದ್ದರಿಂದ ಪ್ರಮಾಣಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಹಳೆಯ ಮತ್ತು ಹೊಸ ಪಿಎಫ್ ನಂಬರ್ ಎರಡನ್ನೂ ಬರೆಸಿಕೊಡಿ. ನೇಮಕಾತಿ ಪತ್ರ ಹಾಗೂ ಹಳೆಯ ನಂಬರ್ ಇರುವ 2009ರ ಸಂಬಳದ ಚೀಟಿಯನ್ನು ಲಗತ್ತಿಸಿದ್ದೇನೆ. ಚೀಟಿ ಮಾಸಿದೆ, ಆದರೆ ನಂಬರ್ ಓದಲು ಬರುತ್ತದೆ.

ಎರಡನೆಯದು ವೇತನದ ವಿವರ. ಮಾರ್ಚ್ 2025ರ ಸಂಬಳದ ಚೀಟಿ, ಜೊತೆಗೆ ಏಪ್ರಿಲ್ 2020ರಿಂದ ಮಾರ್ಚ್ 2025ರವರೆಗೆ, ಅಂದರೆ ಕೊನೆಯ 60 ತಿಂಗಳ ಪಟ್ಟಿ ಬೇಕು. ಪಿಂಚಣಿಗೆ ಈ 60 ತಿಂಗಳ ಸರಾಸರಿಯನ್ನೇ ಹಿಡಿಯುತ್ತಾರೆ. ಮೂಲ ವೇತನ ಮತ್ತು ಡಿಎ ಬೇರೆಬೇರೆಯಾಗಿ ಕಾಣುವಂತಿರಲಿ. 2022ರಲ್ಲಿ ಮಂಡಿಯ ಆಪರೇಷನ್ ಆದಾಗ 41 ದಿನ ಸಂಬಳವಿಲ್ಲದ ರಜೆಯಲ್ಲಿದ್ದೆ. ಆ ದಿನಗಳನ್ನು ಸಂಬಳವಿಲ್ಲದ ದಿನಗಳೆಂದೇ ತೋರಿಸಬೇಕು. ಇಲ್ಲದಿದ್ದರೆ ಆ ತಿಂಗಳುಗಳ ಸಂಬಳವೇ ಕಡಿಮೆ ಇತ್ತೆಂದು ಲೆಕ್ಕವಾಗಿ ಸರಾಸರಿ ಇಳಿಯುತ್ತದೆ.

ಎರಡಕ್ಕೂ ಕಂಪನಿಯ ಸೀಲು, ಸಹಿ ಇರಲಿ. 30 ಆಗಸ್ಟ್ ಒಳಗೆ ಸಿಕ್ಕರೆ ಸೆಪ್ಟೆಂಬರ್ ಮೊದಲ ವಾರದಲ್ಲೇ ಅರ್ಜಿ ಹಾಕಬಲ್ಲೆ. ಹಳೆಯ ಘಟಕದ ರಿಜಿಸ್ಟರ್ ಹುಡುಕಲು ಹೆಚ್ಚು ದಿನ ಬೇಕಾದರೆ ವೇತನದ ಪಟ್ಟಿಯನ್ನಾದರೂ ಮೊದಲು ಕಳಿಸಿ. ಆ ಕಾಲದ ಟೈಮ್ ಆಫೀಸ್ ಗುಮಾಸ್ತರು ಈಗಲೂ ಸ್ಟೋರ್‌ನಲ್ಲಿದ್ದಾರೆ, ಅವರಿಗೆ ನನ್ನ ಸೇರ್ಪಡೆಯ ವಿಷಯ ಗೊತ್ತು.

ಇದು ನನ್ನ ಮಗನ ಇಮೇಲ್. ಉತ್ತರವನ್ನು ಇದಕ್ಕೇ ಕಳಿಸಬಹುದು. ಫೋನ್ ಮಾಡುವುದಾದರೆ ನಿಮ್ಮ ದಾಖಲೆಯಲ್ಲಿರುವ ನನ್ನ ನಂಬರೇ ಈಗಲೂ ಇದೆ. ಸಹಿಗೆ ನಾನೇ ಬರಬೇಕಿದ್ದರೆ ಹಿಂದಿನ ದಿನ ತಿಳಿಸಿ, ಅತ್ತೆಯವರ ಬಳಿ ಯಾರನ್ನಾದರೂ ಇರಿಸಿ ಬರುತ್ತೇನೆ.

ವಂದನೆಗಳೊಂದಿಗೆ,
ಶಾಂತಮ್ಮ ಕೆ.
ನೌಕರರ ಸಂಖ್ಯೆ 1187, ಚೆಕ್ಕಿಂಗ್ ವಿಭಾಗ

ಲಗತ್ತುಗಳು: ನೇಮಕಾತಿ ಪತ್ರ, 2009ರ ಸಂಬಳದ ಚೀಟಿ, ರಾಜೀನಾಮೆ ಅಂಗೀಕಾರ ಪತ್ರ, ಯುಎಎನ್ ಕಾರ್ಡ್