ರಿಕವರಿ ವರದಿಯ E9 ಕೋಶ: ಒಂದು ತಿದ್ದುಪಡಿ

ವಾಟ್ಸಾಪ್, ಮಂಗಳವಾರ ಮುಂಜಾನೆ 10:20
ಕೇನ್ ಆಫೀಸಿನಿಂದ ಲ್ಯಾಬ್ ಕೆಮಿಸ್ಟ್ ಅವರಿಗೆ, ವೈಯಕ್ತಿಕವಾಗಿ

ನಮಸ್ಕಾರ್ರಿ ಮೇಡಂ. ನಿನ್ನೆ ಗ್ರೂಪಿನ್ಯಾಗ ಹಾಕಿದ ನವೆಂಬರ್–ಡಿಸೆಂಬರ್ ರಿಕವರಿ ವರದಿ ಪೂರಾ ಓದಿದೆ. ಹದಿನೈದು ದಿನದ ಕಬ್ಬಿನ ಅಂಕಿ ನಮ್ಮ ತೂಕದ ರಜಿಸ್ಟರ್ ಜೋಡಿ ಸರಿ ಕೂಡ್ತಾವ.

ಒಂದ ಕಡೆ ಮತ್ತ ನೋಡಬೇಕು: Abstract ಹಾಳಿಯೊಳಗ E9. ನಾಲ್ಕು ಶೇಕಡಾದ ಸರಾಸರಿ ತಗೊಂಡಿದ್ದಕ್ಕ 10.25 ಬಂದೈತಿ. ಒಟ್ಟು ಸಕ್ಕರಿಯನ್ನ ಒಟ್ಟು ಕಬ್ಬಿನಿಂದ ಭಾಗಿಸಿದ್ರ 10.49 ಬರ್ತೈತಿ. ಗುರುವಾರದ ಮೀಟಿಂಗಿಗೆ ತಿದ್ದಿದ ಪ್ರತಿ ಇದ್ರ ಸಾಕು. ಗ್ರೂಪಿನ್ಯಾಗ ನಾ ಏನೂ ಬರದಿಲ್ಲ. ಲೆಕ್ಕ ಮೇಲ್ ಮಾಡೀನಿ, ನೀವು ಒಮ್ಮೆ ತಾಳೆ ನೋಡ್ರಿ. ನನ್ನ ಲೆಕ್ಕದಾಗ ಏನರ ಬಿಟ್ಟಿದ್ರ ಹೇಳ್ರಿ.

ಇಮೇಲ್, ಅದೇ ದಿನ
ವಿಷಯ: ರಿಕವರಿ ವರದಿ, Abstract ಹಾಳಿ, E9 ಕೋಶದ ಸೂತ್ರ

ಮೇಡಂ,

ನಿಮ್ಮ ಹಾಳೆಯಲ್ಲಿ ಇರುವ ಅಂಕಿಗಳನ್ನೇ ತೆಗೆದುಕೊಂಡಿದ್ದೇನೆ. ಕಬ್ಬು ಟನ್ನಿನಲ್ಲಿ, ಸಕ್ಕರೆ ಕ್ವಿಂಟಲಿನಲ್ಲಿ.

ನವೆಂಬರ್ 1–15: ಕಬ್ಬು 40,000, ಸಕ್ಕರೆ 36,800, ರಿಕವರಿ 9.20
ನವೆಂಬರ್ 16–30: ಕಬ್ಬು 90,000, ಸಕ್ಕರೆ 90,000, ರಿಕವರಿ 10.00
ಡಿಸೆಂಬರ್ 1–15: ಕಬ್ಬು 1,10,000, ಸಕ್ಕರೆ 1,18,800, ರಿಕವರಿ 10.80
ಡಿಸೆಂಬರ್ 16–31: ಕಬ್ಬು 1,20,000, ಸಕ್ಕರೆ 1,32,000, ರಿಕವರಿ 11.00
ಒಟ್ಟು: ಕಬ್ಬು 3,60,000, ಸಕ್ಕರೆ 3,77,600

ಈ ನಾಲ್ಕೂ ಸಾಲು ಸರಿಯಾಗಿವೆ. ಕೊನೆಯ ಸಾಲಿನ E9ರಲ್ಲಿ ಈಗ ಇರುವ ಸೂತ್ರ ಇದು:

```
=AVERAGE(E5:E8)
```

ಅದರ ಬದಲು ಇದನ್ನು ಹಾಕಿದರೆ 10.49 ಬರುತ್ತದೆ:

```
=SUM(D5:D8)/(SUM(C5:C8)*10)*100
```

ಟನ್ನನ್ನು ಕ್ವಿಂಟಲಿಗೆ ತರಲು ನಡುವೆ 10ರಿಂದ ಗುಣಿಸಿದೆ. ಅದು ಬಿಟ್ಟುಹೋದರೆ ಉತ್ತರ 104.89 ಎಂದು ಬರುವುದರಿಂದ ತಕ್ಷಣ ಗೊತ್ತಾಗುತ್ತದೆ.

ವ್ಯತ್ಯಾಸ ಬರಲು ಕಾರಣ ಮೊದಲ ಸಾಲು. ಮಿಲ್ ಆಗಷ್ಟೇ ಶುರುವಾಗಿತ್ತು, ಕಬ್ಬು ಇನ್ನೂ ಪೂರ್ತಿ ಬಲಿತಿರಲಿಲ್ಲ. ಹಾಗಾಗಿ ನುರಿಸಿದ್ದೂ ಕಡಿಮೆ, ರಿಕವರಿಯೂ ಕಡಿಮೆ. ಆ 40,000 ಟನ್ ಒಟ್ಟು ಕಬ್ಬಿನ ಒಂಬತ್ತನೇ ಒಂದು ಪಾಲು ಮಾತ್ರ. ಬರೀ ಸರಾಸರಿ ತೆಗೆದಾಗ ಅದಕ್ಕೆ ನಾಲ್ಕನೇ ಒಂದು ಪಾಲಿನ ತೂಕ ಸಿಕ್ಕು, ಒಟ್ಟು ಅಂಕಿ ಕೆಳಗೆ ಇಳಿಯುತ್ತದೆ. ಪ್ರತಿ ಹದಿನೈದು ದಿನಕ್ಕೂ ಒಂದೇ ಪ್ರಮಾಣದಲ್ಲಿ ಕಬ್ಬು ನುರಿಸಿದ್ದರೆ ಎರಡೂ ಲೆಕ್ಕ ಒಂದೇ ಆಗುತ್ತಿದ್ದವು. ಹಂಗಾಮಿನ ಆರಂಭದಲ್ಲಿ ಹಾಗಾಗುವುದು ಅಪರೂಪ.

ಇದು ಸುಲಭವಾಗಿ ಕಣ್ಣು ತಪ್ಪಿಸುವ ಅಂಕಿ. 2024–25ರ ಎಫ್‌ಆರ್‌ಪಿಯ ಮೂಲ ರಿಕವರಿಯೂ 10.25 ಆಗಿರುವುದರಿಂದ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಆದರೆ ಅದೇ ಕಾರಣಕ್ಕೆ ತಿದ್ದುವುದು ಮುಖ್ಯ. 2024–25ರ ದರದಂತೆ 10.25ಕ್ಕೆ ಕ್ವಿಂಟಲ್ ಕಬ್ಬಿಗೆ ₹340. ಅದರ ಮೇಲೆ ಪ್ರತಿ 0.1ಕ್ಕೆ ₹3.32 ಹೆಚ್ಚುವರಿ. 10.49 ಆದರೆ 0.1ರ ಎರಡು ಪೂರ್ಣ ಹಂತ ಮೇಲೆ, ಅಂದರೆ ಕ್ವಿಂಟಲಿಗೆ ₹6.64, ಟನ್ನಿಗೆ ₹66.40. ದರ ನಿಗದಿಗೆ ಎರಡು ತಿಂಗಳ ಅಂಕಿ ಸಾಲದು, ಇಡೀ ಹಂಗಾಮಿನದು ಬೇಕು, ನಿಜ. ಆದರೂ ವರದಿ ಹೊರಗೆ ಹೋದ ಮೇಲೆ ರೈತರು ಈ ಅಂಕಿಯನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ಆಮೇಲೆ ಬದಲಾಯಿಸಿದರೆ ನಿಮ್ಮ ಲ್ಯಾಬಿನ ಮೇಲೂ ನಮ್ಮ ಆಫೀಸಿನ ಮೇಲೂ ನಂಬಿಕೆ ಹೋಗುತ್ತದೆ.

E9 ಬದಲಾದರೆ ಇನ್ನೆರಡು ಜಾಗ ಕೈಯಿಂದ ತಿದ್ದಬೇಕು, ಅವು ತಾವಾಗಿ ಬದಲಾಗುವುದಿಲ್ಲ. ಮೊದಲ ಪುಟದ "ರಿಕವರಿ ಮೂಲ ಮಟ್ಟದಲ್ಲೇ ಇದೆ" ಎಂಬ ವಾಕ್ಯ ಒಂದು. ಮೂರನೇ ಪುಟದ ಗ್ರಾಫಿನ ಅಡ್ಡಗೆರೆ ಇನ್ನೊಂದು, ಅದಕ್ಕೆ 10.25 ಎಂದು ಬೆರಳಚ್ಚು ಮಾಡಿದಂತಿದೆ.

ಒಂದು ವಿಷಯ ನಿಮ್ಮಿಂದಲೇ ತಿಳಿಯಬೇಕು. D ಕಾಲಮ್ಮಿನಲ್ಲಿ ಚೀಲಕ್ಕೆ ತುಂಬಿದ ಸಕ್ಕರೆ ಮಾತ್ರ ಇದೆಯೋ, ಪ್ಯಾನ್ ಮತ್ತು ಕ್ರಿಸ್ಟಲೈಜರಿನಲ್ಲಿ ಉಳಿದ ಸಕ್ಕರೆಯೂ ಸೇರಿದೆಯೋ? ಬಿ-ಹೆವಿ ಕಾಕಂಬಿ ಡಿಸ್ಟಿಲರಿಗೆ ಹೋಗಿದ್ದರೆ ಅದರೊಂದಿಗೆ ಹೋದ ಸಕ್ಕರೆಯನ್ನೂ ಕೂಡಿಸಬೇಕಾಗುತ್ತದೆ, ಇಲ್ಲದಿದ್ದರೆ ರಿಕವರಿ ಕಡಿಮೆ ಕಾಣುತ್ತದೆ. ಹಾಗೇನಾದರೂ ಇದ್ದರೆ 10.49 ಕೂಡ ಅಂತಿಮವಲ್ಲ.

ಹಳೆಯ ಫೈಲ್ ಅಳಿಸುವುದು ಬೇಡ ಅನ್ನಿಸುತ್ತದೆ. ಆಗಲೇ ಕೆಲವರು ಡೌನ್‌ಲೋಡ್ ಮಾಡಿಕೊಂಡಿರಬಹುದು. ಹೊಸದಕ್ಕೆ Recovery_Nov-Dec_rev2.xlsx ಎಂದು ಹೆಸರು ಕೊಟ್ಟರೆ ಗೊಂದಲ ಇರುವುದಿಲ್ಲ. ತೂಕದ ರಜಿಸ್ಟರಿನ ಪ್ರತಿ ಬೇಕಿದ್ದರೆ ಕಳಿಸುತ್ತೇನೆ.

ವಂದನೆಗಳೊಂದಿಗೆ,
ಕೇನ್ ಆಫೀಸ್

ವಾಟ್ಸಾಪ್, ಮಧ್ಯಾಹ್ನ 1:05
ಲ್ಯಾಬ್ ಕೆಮಿಸ್ಟ್

ಮೇಲ್ ನೋಡಿದೆ ಸರ್, ಛಲೋ ಆತು ಮೊದಲ ಹೇಳಿದ್ರಿ. D ಒಳಗ ಪ್ಯಾನ್, ಕ್ರಿಸ್ಟಲೈಜರ್ ಸ್ಟಾಕ್ ಸೇರೇತಿ, ಹದಿನೈದು ದಿನಕ್ಕೊಮ್ಮೆ ಅಳತಿ ತಗೋತೀವಿ. ಈ ಎರಡು ತಿಂಗಳು ಬಿ-ಹೆವಿ ಹೋಗಿಲ್ಲ, ಬರೇ ಸಿ ಕಾಕಂಬಿ. ಒಂದ ಕೇಳ್ತೀನಿ: ಸೂತ್ರ ಬದಲಿ ಮಾಡಿದ ಮ್ಯಾಲ 10.49 ಖರೇ ಅಂತ ಮೀಟಿಂಗಿನ್ಯಾಗ ಹೆಂಗ ತೋರಸೂದು? ಎಂಡಿ ಸಾಹೇಬ್ರು ಸೂತ್ರ ನೋಡೂದಿಲ್ಲ.

ವಾಟ್ಸಾಪ್, 1:12
ಕೇನ್ ಆಫೀಸ್

ಹಿಂದಿಂದ ಲೆಕ್ಕ ಮಾಡಿ ತೋರಸ್ರಿ ಮೇಡಂ. 3,60,000 ಟನ್ ಅಂದ್ರ 36,00,000 ಕ್ವಿಂಟಲ್. ಅದರ 10.25 ಪರ್ಸೆಂಟ್ 3,69,000 ಕ್ವಿಂಟಲ್ ಸಕ್ಕರಿ. ನಿಮ್ಮ ರಜಿಸ್ಟರಿನ್ಯಾಗ ಇರೂದು 3,77,600. 8,600 ಕ್ವಿಂಟಲ್ ಕೂಡೂದಿಲ್ಲ. 10.49 ಹಿಡಿದ್ರ 3,77,640 ಬರ್ತೈತಿ. ಆ 40 ಕ್ವಿಂಟಲ್ ಬರೇ ದಶಾಂಶ ಕಡಿಮಿ ಮಾಡಿದ್ದಕ್ಕ ಬಂದಿದ್ದು. ಸಕ್ಕರಿ ಅಷ್ಟ ಐತಿ ಅಂದ ಮ್ಯಾಲ ಯಾರೂ ಮತ್ತ ಕೇಳೂದಿಲ್ಲ.

ಇನ್ನೊಂದು. ಜನವರಿ ಸಾಲು ಸೇರಿಸುವಾಗ ಒಟ್ಟು ಸಾಲಿನ ಮ್ಯಾಲ, 8ನೇ ಸಾಲಿನ ಕೆಳಗ ಹಾಕಿದ್ರ ಸೂತ್ರದ ಹರವು ತಾನ ಹಿಗ್ಗೂದು ಖಾತ್ರಿ ಇಲ್ಲ. E ಕಾಲಮ್ಮಿನ ಒಟ್ಟಿನೊಳಗ C8, D8 ಇದ್ದದ್ದು C9, D9 ಆಗೇತೇನು ಅಂತ ಪ್ರತಿ ಸಲ ನೋಡ್ಕೋರಿ.

ವಾಟ್ಸಾಪ್, 1:20
ಲ್ಯಾಬ್ ಕೆಮಿಸ್ಟ್

ಇದು ಚೊಲೋ ತಾಳೆ. ಇವತ್ತು ನಾಲ್ಕರ ಒಳಗ ಹಾಕ್ತೀನಿ. ಗ್ರೂಪಿಗೆ ಏನ್ ಬರೀಲಿ?

ವಾಟ್ಸಾಪ್, 1:24
ಕೇನ್ ಆಫೀಸ್

ಸಣ್ಣದಾಗಿ ಬರದ್ರ ಸಾಕು, ಯಾರು ಯಾವಾಗ ನೋಡಿದ್ರು ಅಂತ ಬೇಕಾಗಿಲ್ಲ. ಯಾವ ಅಂಕಿ ಬದಲಿ ಆತು, ಯಾಕ, ಯಾವುದು ಬದಲಿ ಆಗಿಲ್ಲ, ಇಷ್ಟ ಇರ್ಲಿ.

ಗ್ರೂಪ್ ಸಂದೇಶ, ಮಧ್ಯಾಹ್ನ 3:40
ಲ್ಯಾಬ್ ಕೆಮಿಸ್ಟ್

ಎಲ್ಲರ ಗಮನಕ್ಕೆ: ನವೆಂಬರ್–ಡಿಸೆಂಬರ್ ರಿಕವರಿ ವರದಿಯ ತಿದ್ದಿದ ಪ್ರತಿ Recovery_Nov-Dec_rev2.xlsx ಹಾಕಲಾಗಿದೆ. ಒಟ್ಟು ರಿಕವರಿ 10.25ರ ಬದಲು 10.49 ಎಂದು ಓದಿಕೊಳ್ಳಿ. ಮೊದಲು ನಾಲ್ಕು ಶೇಕಡಾಗಳ ಸರಾಸರಿ ಇತ್ತು, ಈಗ ಒಟ್ಟು ಸಕ್ಕರೆಯನ್ನು ಒಟ್ಟು ಕಬ್ಬಿನಿಂದ ಭಾಗಿಸಲಾಗಿದೆ. ಪುಟ 1ರ ವಾಕ್ಯ ಮತ್ತು ಪುಟ 3ರ ಗ್ರಾಫ್ ಅದಕ್ಕೆ ತಕ್ಕಂತೆ ಬದಲಾಗಿವೆ. ಹದಿನೈದು ದಿನಗಳ ಕಬ್ಬು, ಸಕ್ಕರೆ, ರಿಕವರಿ ಅಂಕಿಗಳಲ್ಲಿ ಬದಲಾವಣೆ ಇಲ್ಲ. ಗುರುವಾರದ ಮೀಟಿಂಗಿಗೆ ದಯವಿಟ್ಟು ಈ ಪ್ರತಿಯನ್ನೇ ಬಳಸಿ.